ಮೇಲಧಿಕಾರಿಗೆ ಕನ್ನಡದಲ್ಲಿ ರಜೆ ಅರ್ಜಿ: ‘ರೀ’ ಇಲ್ಲದ ಕಡೆ ಗೌರವ ಹೇಗೆ ತರುವುದು

ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆ ಮಾತಿನಲ್ಲಿ ಗೌರವ ಕೊಡುವುದು ಬಹಳ ಸುಲಭ. “ಮೇಡಂ, ಅವ್ವಗ ಕಣ್ಣಿನ ಆಪರೇಷನ್ ಅದರಿ, ಮೂರ್ ದಿನ ಸೂಟಿ ಬೇಕಾಗಿತ್ತರಿ” ಅಂದರೆ ಮುಗಿಯಿತು. ಪ್ರತಿ ಮಾತಿನ ಕೊನೆಗೆ ಒಂದು ‘ರಿ’ ಬಿದ್ದರೆ ಸಾಕು, ಕೇಳುವವರಿಗೆ ಯಾವ ಬೇಸರವೂ ಆಗುವುದಿಲ್ಲ. ತೊಂದರೆ ಶುರುವಾಗುವುದು ಅದೇ ಮಾತನ್ನು ಕಾಗದದ ಮೇಲೆ ಇಳಿಸುವಾಗ. ಅಲ್ಲಿ ‘ರಿ’ ಬರೆಯುವಂತಿಲ್ಲ. ಅದು ಹೋದ ಕೂಡಲೇ ವಾಕ್ಯ ಬೋಳು ಅನ್ನಿಸುತ್ತದೆ. ಆ ಭಯಕ್ಕೆ ನಮ್ಮ ಜನ ಮೇಲೆ ಒಂದಿಷ್ಟು ‘ಪರಮಪೂಜ್ಯ’, ‘ಸನ್ಮಾನ್ಯ’, ‘ಸಾಷ್ಟಾಂಗ’ ಸುರಿದುಬಿಡುತ್ತಾರೆ. ಕೆಳಗೆ ನೋಡಿದರೆ ಅದೇ ಅರ್ಜಿಯಲ್ಲಿ ಅಧಿಕಾರಿಗೆ ಆಜ್ಞೆ ಮಾಡಿದ ಹಾಗೆ ಒಂದು ವಾಕ್ಯ ಕೂತಿರುತ್ತದೆ!

ಬರವಣಿಗೆಯಲ್ಲಿ ಗೌರವ ಇರುವುದು ವಿಶೇಷಣಗಳಲ್ಲಿ ಅಲ್ಲ. ‘ನೀವು’ ಅಂತೀರೋ ‘ತಾವು’ ಅಂತೀರೋ, ವಾಕ್ಯವನ್ನು ಯಾವ ಕ್ರಿಯಾಪದದಿಂದ ಮುಗಿಸುತ್ತೀರಿ, ಸಹಿ ಮಾಡುವವರಿಗೆ ಬೇಕಾದ ವಿವರ ಪೂರ್ತಿ ಕೊಟ್ಟಿದ್ದೀರೋ ಇಲ್ಲವೋ, ಇವೇ ಮುಖ್ಯ. ಒಂದು ಅರ್ಜಿಯನ್ನೇ ಹಿಡಿದುಕೊಂಡು ಇದನ್ನು ನೋಡೋಣ.

ಸುರಪುರ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆ ಅಂದುಕೊಳ್ಳಿ. ಅಲ್ಲಿ ಹೊಸದಾಗಿ ಸೇರಿದ ಗಣಿತ ಶಿಕ್ಷಕ. ಮುಖ್ಯ ಗುರುಗಳು ಒಬ್ಬ ಹಿರಿಯ ಮಹಿಳೆ. ಶಿಕ್ಷಕನ ತಾಯಿಗೆ ಕಲಬುರಗಿಯ ಆಸ್ಪತ್ರೆಯಲ್ಲಿ 2026ರ ಫೆಬ್ರುವರಿ 5, ಗುರುವಾರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಗುರುವಾರ, ಶುಕ್ರವಾರ, ಶನಿವಾರ ರಜೆ ಬೇಕು. ರವಿವಾರ ಹೇಗೂ ಸೂಟಿ. ಸೋಮವಾರ ಶಾಲೆಗೆ ಬರುತ್ತಾನೆ. ಅವನು ಮೊದಲು ಬರೆದದ್ದು ಹೀಗೆ:

“ಪರಮಪೂಜ್ಯ ಗೌರವಾನ್ವಿತ ಸನ್ಮಾನ್ಯ ಮುಖ್ಯ ಗುರುಗಳ ಸನ್ನಿಧಾನಕ್ಕೆ ಸಾಷ್ಟಾಂಗ ನಮಸ್ಕಾರಗಳು. ನನ್ನ ತಾಯಿಗೆ ಆರಾಮ ಇಲ್ಲದ ಕಾರಣ ಕಲಬುರಗಿಗೆ ಹೋಗುತ್ತಿದ್ದು, ಗುರುವಾರದಿಂದ ರಜೆ ತೆಗೆದುಕೊಳ್ಳುತ್ತಿದ್ದೇನೆ. ನೀವು ಇದನ್ನು ಗಮನಿಸಿ ತಮ್ಮ ದೊಡ್ಡ ಮನಸ್ಸಿನಿಂದ ಮೂರು ದಿನದ ರಜೆ ಮಂಜೂರು ಮಾಡತಕ್ಕದ್ದು. ಮುಂಗಡ ಧನ್ಯವಾದಗಳು. ಇಂತಿ ತಮ್ಮ ಪ್ರೀತಿಯ ಶಿಕ್ಷಕ.”

ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಇದನ್ನು ಓದಿದವರು ಮೊದಲು ನಗುತ್ತಾರೆ, ಆಮೇಲೆ ಹುಬ್ಬು ಗಂಟಿಕ್ಕುತ್ತಾರೆ. ಈಗ ಒಂದೊಂದಾಗಿ ಸರಿ ಮಾಡೋಣ.

ಮೊದಲು ಯಾರಿಗೆ ಬರೆಯುತ್ತಿದ್ದೀರಿ ಅನ್ನುವುದು ಸ್ಪಷ್ಟವಾಗಲಿ

ಅರ್ಜಿ ಹೋಗುವುದು ವ್ಯಕ್ತಿಗಲ್ಲ, ಹುದ್ದೆಗೆ. ಆದ್ದರಿಂದ ‘ಇವರಿಗೆ’ ಅಂತ ಬರೆದು ಕೆಳಗೆ ಹುದ್ದೆ, ಶಾಲೆ, ಊರು, ತಾಲೂಕು, ಜಿಲ್ಲೆ ಬರೆಯಿರಿ. ಹೆಸರು ಬರೆಯುವ ಅಗತ್ಯವಿಲ್ಲ. ಹಳೆಯ ಪದ್ಧತಿಯಲ್ಲಿ ಎಡಗಡೆ ಬರೀ ‘ಗೆ,’ ಅಂತ ಬರೆಯುತ್ತಿದ್ದರು, ಈಗಲೂ ಕೆಲವರು ಬರೆಯುತ್ತಾರೆ. ತಪ್ಪಲ್ಲ, ಆದರೆ ‘ಇವರಿಗೆ’ ನೋಡಲು ಚೆಂದ.

ಹುದ್ದೆಯ ಹೆಸರು ಯಾವಾಗಲೂ ಬಹುವಚನದಲ್ಲಿ ಇರಬೇಕು. ‘ಮುಖ್ಯ ಗುರು’ ಅಲ್ಲ, ‘ಮುಖ್ಯ ಗುರುಗಳು’. ‘ಕ್ಷೇತ್ರ ಶಿಕ್ಷಣಾಧಿಕಾರಿ’ ಅಲ್ಲ, ‘ಕ್ಷೇತ್ರ ಶಿಕ್ಷಣಾಧಿಕಾರಿಗಳು’. ಅದೇ ರೀತಿ ತಹಶೀಲ್ದಾರರು, ಪ್ರಾಂಶುಪಾಲರು, ಕಾರ್ಯನಿರ್ವಾಹಕ ಅಧಿಕಾರಿಗಳು. ಬೆಂಗಳೂರು, ಮೈಸೂರು ಕಡೆಯ ಮಾದರಿಗಳಲ್ಲಿ ‘ಮುಖ್ಯೋಪಾಧ್ಯಾಯರು’ ಅಂತ ಇರುತ್ತದೆ. ನಮ್ಮ ಕಡೆ ಶಾಲೆಯ ಬೋರ್ಡಿನ ಮೇಲೆ, ಸೀಲಿನ ಮೇಲೆ ಹೆಚ್ಚಾಗಿ ‘ಮುಖ್ಯ ಗುರುಗಳು’ ಅಂತಲೇ ಇರುತ್ತದೆ. ನಿಮ್ಮ ಶಾಲೆಯ ಸೀಲಿನಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಮಹಿಳೆಯಾದರೂ ‘ಮುಖ್ಯ ಗುರುಗಳು’ ಸರಿಯಾಗಿಯೇ ಹೊಂದುತ್ತದೆ.

ಊರಿನ ಹೆಸರು ಸರಕಾರಿ ರೂಪದಲ್ಲಿ ಇರಲಿ. 2014ರ ನವೆಂಬರ್‌ನಿಂದ ‘ಕಲಬುರಗಿ’ ಅಧಿಕೃತ ಹೆಸರು. ಆದರೂ ಹಳೆ ಮಾದರಿ ನೋಡಿ ನಕಲು ಮಾಡುವವರು ಇನ್ನೂ ‘ಗುಲ್ಬರ್ಗಾ’ ಬರೆಯುತ್ತಾರೆ. ‘ಕಲಬುರ್ಗಿ’ ಅಂತ ಬರೆಯುವವರೂ ಇದ್ದಾರೆ, ಅದು ಬೇಡ. ಹಾಗೆಯೇ ‘ಶೋರಾಪುರ’ ಅಲ್ಲ, ‘ಸುರಪುರ’.

ನಿಮ್ಮ ವಿಳಾಸ ‘ಇವರಿಂದ’ ಅಡಿಯಲ್ಲಿ ಬರುತ್ತದೆ. ಅಲ್ಲಿ ನಿಮ್ಮ ಹೆಸರಿನ ಮುಂದೆ ನೀವೇ ‘ಶ್ರೀ’, ‘ಶ್ರೀಮತಿ’ ಹಾಕಿಕೊಳ್ಳಬೇಡಿ. ಅದು ಬೇರೆಯವರು ನಮಗೆ ಹಾಕಬೇಕಾದದ್ದು.

ಸಂಬೋಧನೆ: ಒಂದೇ ಪದ ಸಾಕು

ಕಚೇರಿ, ಶಾಲೆ, ಬ್ಯಾಂಕು, ಪಂಚಾಯಿತಿ, ಎಲ್ಲ ಕಡೆ ಕಣ್ಣು ಮುಚ್ಚಿ ಬರೆಯಬಹುದಾದ ಸಂಬೋಧನೆ ‘ಮಾನ್ಯರೇ’. ಇದಕ್ಕೆ ಗಂಡು ಹೆಣ್ಣು ಭೇದವಿಲ್ಲ. ಎದುರಿಗೆ ‘ಮೇಡಂ’ ಅಂತ ಕರೆಯುವವರಿಗೂ ಅರ್ಜಿಯಲ್ಲಿ ‘ಮಾನ್ಯರೇ’ ಅಂದರೆ ಸಾಕು. ‘ಮಾನ್ಯ ಮೇಡಂ ಅವರೇ’ ಅಂತ ಕಲಸುವುದು ಬೇಡ.

‘ಸನ್ಮಾನ್ಯ’ ಸಾಮಾನ್ಯವಾಗಿ ಮಂತ್ರಿಗಳಿಗೆ, ಶಾಸಕರಿಗೆ ಬಳಸುವ ಮಾತು. ಮುಖ್ಯ ಗುರುಗಳಿಗೆ ಅದನ್ನು ಬರೆದರೆ ವ್ಯಂಗ್ಯ ಮಾಡಿದ ಹಾಗೆ ಕಾಣುತ್ತದೆ. ‘ಪೂಜ್ಯರೇ’ ಅನ್ನುವುದು ಮಠದ ಸ್ವಾಮಿಗಳಿಗೆ, ಮನೆಯ ಹಿರಿಯರಿಗೆ, ಅಥವಾ ವಿದ್ಯಾರ್ಥಿ ತನ್ನ ಗುರುವಿಗೆ ಬರೆಯುವಾಗ ಹೊಂದುತ್ತದೆ. ನಮ್ಮ ಭಾಗದಲ್ಲಿ ಮಠಗಳು ನಡೆಸುವ ಶಾಲೆ ಕಾಲೇಜು ಜಾಸ್ತಿ, ಅಲ್ವಾ? ಅಲ್ಲಿ ಕೆಲಸ ಮಾಡುವವರಿಗೆ ಈ ಗೊಂದಲ ಬರುತ್ತದೆ. ಪ್ರಾಂಶುಪಾಲರಿಗೆ ಬರೆಯುವ ರಜೆ ಅರ್ಜಿಯಲ್ಲಿ ‘ಮಾನ್ಯರೇ’. ಸಂಸ್ಥೆಯ ಅಧ್ಯಕ್ಷರಾದ ಸ್ವಾಮಿಗಳಿಗೇ ನೇರವಾಗಿ ಬರೆಯುವ ಸಂದರ್ಭ ಬಂದರೆ ಮಾತ್ರ ‘ಪೂಜ್ಯರೇ’.

ಬೀದರ, ಬಸವಕಲ್ಯಾಣದ ಕಡೆ ಎದುರಾದಾಗ “ಶರಣು ಶರಣಾರ್ಥಿ” ಅನ್ನುವುದು ರೂಢಿ. ಕಲಬುರಗಿಯಲ್ಲಿ “ಸಲಾಂ ಸಾಬ್” ಕೂಡ ಅಷ್ಟೇ ಸಹಜ. ಇವು ಬಾಯಿಮಾತಿಗೆ ಚೆಂದ. ಕಡತಕ್ಕೆ ಹೋಗುವ ಕಾಗದದಲ್ಲಿ ಇಂಥ ವಂದನೆ ಹಾಕದಿರುವುದು ಒಳ್ಳೆಯದು. ಅಧಿಕಾರಿ ಬದಲಾಗುತ್ತಾರೆ, ಕಾಗದ ಕಡತದಲ್ಲಿ ಉಳಿಯುತ್ತದೆ.

‘ಪ್ರಿಯ ಸರ್’, ‘ಆತ್ಮೀಯರೇ’ ಅನ್ನುವುದು ಸರೀಕರಿಗೆ ಮಾತ್ರ. ಎಷ್ಟೇ ಸಲುಗೆ ಇದ್ದರೂ ರಜೆ ಕೇಳುವ ಕಾಗದದಲ್ಲಿ ಬೇಡ.

ವಿಷಯ: ಒಂದೇ ಸಾಲು, ಮೂರು ಮಾತು

‘ಮಾನ್ಯರೇ’ ಆದ ಮೇಲೆ ‘ವಿಷಯ’ ಬರುತ್ತದೆ. ಎಷ್ಟು ದಿನ, ಯಾವ ರಜೆ, ಏನು ಕೋರುತ್ತಿದ್ದೀರಿ ಅನ್ನುವುದು ಆ ಒಂದು ಸಾಲಿನಲ್ಲೇ ತಿಳಿಯಬೇಕು. ‘ರಜೆ ಬೇಕಾದ ಬಗ್ಗೆ’ ಅಂತ ಬರೆದರೆ ಗುಮಾಸ್ತರು ಪೂರ್ತಿ ಓದಿಯೇ ತಿಳಿದುಕೊಳ್ಳಬೇಕಾಗುತ್ತದೆ.

ಬಾಯಲ್ಲಿ ‘ಸಿಎಲ್’ ಅನ್ನುವುದಕ್ಕೆ ಕಾಗದದ ಮೇಲೆ ‘ಸಾಂದರ್ಭಿಕ ರಜೆ’. ‘ಇಎಲ್’ ಅಂದರೆ ‘ಗಳಿಕೆ ರಜೆ’. ಹೆಣ್ಣುಮಕ್ಕಳ ಬಾಣಂತನಕ್ಕೆ ‘ಹೆರಿಗೆ ರಜೆ’. ಯಾವ ರಜೆ ಎಷ್ಟು ಉಳಿದಿದೆ ಅನ್ನುವುದನ್ನು ಮೊದಲೇ ರಜೆ ವಹಿಯಲ್ಲಿ ನೋಡಿಕೊಂಡು ಬರೆಯಿರಿ. ನಾಲ್ಕನೇ ಶನಿವಾರವೂ ಬಿಡುವು ಇರುವ ರಾಜ್ಯ ಸರಕಾರಿ ಕಚೇರಿಗಳಲ್ಲಿ 2019ರಿಂದ ಸಾಂದರ್ಭಿಕ ರಜೆ ವರ್ಷಕ್ಕೆ 15ರಿಂದ 10ಕ್ಕೆ ಇಳಿದಿದೆ. ಇಲ್ಲದ ರಜೆಯನ್ನು ಎಷ್ಟು ವಿನಯದಿಂದ ಕೇಳಿದರೂ ಅಧಿಕಾರಿಗೆ ಮುಜುಗರವೇ.

ನಮ್ಮ ಶಿಕ್ಷಕ ಕೆಲಸದ ಊರು ಬಿಟ್ಟು ಕಲಬುರಗಿಗೆ ಹೋಗಿ ಅಲ್ಲೇ ಉಳಿಯುತ್ತಾನೆ. ಅದಕ್ಕೆ ಕೇಂದ್ರಸ್ಥಾನ ಬಿಡಲು ಅನುಮತಿಯನ್ನೂ ಇದೇ ಅರ್ಜಿಯಲ್ಲಿ ಕೇಳಬೇಕು. ಹೊಸದಾಗಿ ನೌಕರಿಗೆ ಸೇರಿದವರು ಬಹಳ ಮಂದಿ ಇದನ್ನು ಮರೆಯುತ್ತಾರೆ. ಹಾಗಾಗಿ ವಿಷಯ ಹೀಗಾಗುತ್ತದೆ: “ಮೂರು ದಿನಗಳ ಸಾಂದರ್ಭಿಕ ರಜೆ ಮತ್ತು ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿ.”

‘ತಾವು’ ಹಿಡಿದರೆ ಕೊನೆವರೆಗೂ ‘ತಾವು’

ಹಿರಿಯರಿಗೆ ಬರೆಯುವ ಅರ್ಜಿಯಲ್ಲಿ ‘ತಾವು, ತಮ್ಮ, ತಮಗೆ, ತಮ್ಮಲ್ಲಿ’. ಮಾತಿನಲ್ಲಿ ‘ನೀವು’ ಅಂದರೆ ನಮ್ಮಲ್ಲಿ ಪೂರ್ಣ ಗೌರವವೇ. ಅದರ ಜೊತೆ ‘ರಿ’ ಇರುತ್ತದಲ್ಲ. ಬರವಣಿಗೆಯಲ್ಲಿ ಅದು ಇಲ್ಲದ ಕಾರಣ ‘ನೀವು’ ಸ್ವಲ್ಪ ಸಪ್ಪೆಯಾಗುತ್ತದೆ.

ಆದರೆ ‘ನೀವು’ ಬರೆದದ್ದಕ್ಕಿಂತ ಎರಡನ್ನೂ ಬೆರೆಸಿದ್ದೇ ದೊಡ್ಡ ತಪ್ಪು. “ನೀವು ಇದನ್ನು ಗಮನಿಸಿ ತಮ್ಮ ದೊಡ್ಡ ಮನಸ್ಸಿನಿಂದ” ಅಂದಾಗ ಎಲ್ಲಿಂದಲೋ ನಕಲು ಮಾಡಿದ್ದಾನೆ ಅಂತ ತಕ್ಷಣ ಗೊತ್ತಾಗುತ್ತದೆ. ಬರೆದು ಮುಗಿಸಿದ ಮೇಲೆ ‘ನೀವು, ನಿಮ್ಮ, ನಿಮಗೆ’ ಎಲ್ಲಾದರೂ ಉಳಿದಿದೆಯಾ ಅಂತ ಬೆರಳಿಟ್ಟು ನೋಡಿ. ಇದಕ್ಕೆ ಅರ್ಧ ನಿಮಿಷ ಸಾಕು.

ಒಂದು ಸಣ್ಣ ಎಚ್ಚರಿಕೆ. ತಮ್ಮನ ಲಗ್ನಕ್ಕೆ ರಜೆ ಕೇಳುವವರು “ತಮ್ಮ ಮದುವೆಯ ಪ್ರಯುಕ್ತ” ಅಂತ ಬರೆದರೆ ಸಾಹೇಬರ ಮದುವೆ ಅಂತ ಅರ್ಥವಾಗುತ್ತದೆ. “ನನ್ನ ತಮ್ಮನ ಮದುವೆಯ ಪ್ರಯುಕ್ತ” ಅಂತ ಪೂರ್ತಿ ಬರೆಯಿರಿ.

ನಿಮ್ಮ ಮನೆಯ ಹಿರಿಯರಿಗೂ ಕಾಗದದಲ್ಲಿ ಗೌರವ ಕೊಡಿ. ಮನೆಯಲ್ಲಿ ‘ಅವ್ವ ಬಂದಳು’ ಅನ್ನುತ್ತೇವೆ, ಅದು ಪ್ರೀತಿ. ಅರ್ಜಿಯಲ್ಲಿ ‘ನನ್ನ ತಾಯಿಯವರಿಗೆ’, ‘ನನ್ನ ತಂದೆಯವರು’, ‘ಅವರನ್ನು’ ಅಂತಲೇ ಬರಬೇಕು. ಮೇಡಂ ಅವರಿಗೆ ಬಹುವಚನ ಹಾಕಿ ಹೆತ್ತ ತಾಯಿಗೆ ಏಕವಚನ ಹಾಕಿದರೆ ಓದುವವರಿಗೆ ಕಸಿವಿಸಿ. ನಿಮಗೆ ಮಾತ್ರ ‘ನಾನು’, ಏಕವಚನ.

ಕ್ರಿಯಾಪದ: ಎಲ್ಲ ಕೆಡುವುದು ಇಲ್ಲೇ

ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ನನ್ನ ಪ್ರಕಾರ ಅರ್ಜಿಯ ಅರ್ಧ ಭಾರ ಕೊನೆಯ ವಾಕ್ಯದ ಕ್ರಿಯಾಪದದ ಮೇಲಿದೆ.

ಕಚೇರಿ ಕನ್ನಡದಲ್ಲಿ ಎರಡು ದಿಕ್ಕು ಇವೆ. ಒಂದು ಮೇಲಿನಿಂದ ಕೆಳಗೆ ಇಳಿಯುವ ಭಾಷೆ. ಸುತ್ತೋಲೆ, ಆದೇಶ, ಜ್ಞಾಪನಗಳಲ್ಲಿ ಇದು ಇರುತ್ತದೆ. “ಸಲ್ಲಿಸತಕ್ಕದ್ದು”, “ಹಾಜರಾಗುವುದು”, “ಕ್ರಮ ಕೈಗೊಳ್ಳುವಂತೆ ಸೂಚಿಸಲಾಗಿದೆ”, “ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು”. ಇನ್ನೊಂದು ಕೆಳಗಿನಿಂದ ಮೇಲೆ ಹೋಗುವ ಭಾಷೆ. “ವಿನಂತಿಸಿಕೊಳ್ಳುತ್ತೇನೆ”, “ಕೋರುತ್ತೇನೆ”, “ಸಲ್ಲಿಸಿದ್ದೇನೆ”, “ತಮ್ಮ ಗಮನಕ್ಕೆ ತರಬಯಸುತ್ತೇನೆ”.

ನಾವು ದಿನಾ ಓದುವುದು ಮೇಲಿನಿಂದ ಬಂದ ಕಾಗದಗಳನ್ನೇ. ಅದೇ ‘ಸರಕಾರಿ ಕನ್ನಡ’ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ರಜೆ ಅರ್ಜಿಯಲ್ಲೂ “ಮಂಜೂರು ಮಾಡತಕ್ಕದ್ದು” ಅಂತ ಬಂದುಬಿಡುತ್ತದೆ. ಬರೆದವನಿಗೆ ಅದು ಗಂಭೀರವಾಗಿ ಕೇಳಿಸುತ್ತದೆ. ಓದುವ ಮೇಡಂಗೆ ಅದು ಹುಕುಂ. ಹಾಗೆಯೇ “ಈ ಮೂಲಕ ತಮಗೆ ತಿಳಿಸಲಾಗಿದೆ”, “ಇದನ್ನು ಗಮನಿಸುವುದು” ಅನ್ನುವುದೂ ಕೆಳಗೆ ಇಳಿಯುವ ಭಾಷೆಯೇ. ಮೇಲಿನವರಿಗೆ ಬರೆಯುವಾಗ ಇವು ಬೇಡ.

“ಮಂಜೂರು ಮಾಡಬೇಕು” ಅಂತ ಅಲ್ಲಿಗೇ ನಿಲ್ಲಿಸಿದರೂ ಒತ್ತಾಯದ ಧ್ವನಿ ಬರುತ್ತದೆ. “ದಯವಿಟ್ಟು ರಜೆ ಕೊಡಿ” ಅನ್ನುವುದರಲ್ಲಿ ‘ದಯವಿಟ್ಟು’ ಇದ್ದರೂ ಕೊನೆಗೆ ಬಂದದ್ದು ‘ಕೊಡಿ’. ಸರಿಯಾದ ರೂಪದಲ್ಲಿ ವಾಕ್ಯ ‘ನಾನು’ ಮಾಡುವ ಕೆಲಸದಿಂದ ಮುಗಿಯುತ್ತದೆ: “ಮಂಜೂರು ಮಾಡಬೇಕೆಂದು ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.” ಇಲ್ಲಿ ಮಂಜೂರು ಮಾಡುವುದು ಅವರಿಗೆ ಬಿಟ್ಟದ್ದು, ನಾನು ಮಾಡುತ್ತಿರುವುದು ವಿನಂತಿ ಮಾತ್ರ.

ಇದೇ ಕಾರಣಕ್ಕೆ “ರಜೆ ತೆಗೆದುಕೊಳ್ಳುತ್ತಿದ್ದೇನೆ” ಅನ್ನುವುದೂ ಸರಿಯಲ್ಲ. ನೀವೇ ನಿರ್ಧಾರ ಮಾಡಿ ಆದ ಮೇಲೆ ಅವರು ಮಂಜೂರು ಮಾಡುವುದೇನು? “ರಜೆಯ ಅವಶ್ಯಕತೆ ಇರುತ್ತದೆ” ಅಂತ ಬರೆಯಿರಿ. ‘ಇದೆ’ ಅನ್ನುವ ಕಡೆ ‘ಇರುತ್ತದೆ’ ಅನ್ನುವುದು ಕಚೇರಿಯ ರೂಢಿ. ‘ಇದೆ’ ಅಂದರೂ ಏನೂ ಮುಳುಗುವುದಿಲ್ಲ.

ಕಾಗದ, ಪ್ರಮಾಣಪತ್ರಗಳ ವಿಷಯದಲ್ಲೂ ದಿಕ್ಕು ನೋಡಿ. ಮೇಲಿನವರಿಗೆ ‘ಕೊಟ್ಟಿದ್ದೇನೆ’, ‘ಕಳಿಸಿದ್ದೇನೆ’ ಅಲ್ಲ, ‘ಸಲ್ಲಿಸಿದ್ದೇನೆ’ ಅಥವಾ ‘ಲಗತ್ತಿಸಿದ್ದೇನೆ’.

ಕಾರಣ: ನಮ್ಮ ಮಾತನ್ನು ಕಾಗದಕ್ಕೆ ಹೇಗೆ ಇಳಿಸುವುದು

“ಆರಾಮ ಇಲ್ಲ” ಅನ್ನುವುದು ನಮ್ಮ ಕಡೆ ನೆಗಡಿಯಿಂದ ಹಿಡಿದು ಆಪರೇಷನ್‌ವರೆಗೂ ನಡೆಯುತ್ತದೆ. ಅರ್ಜಿಯಲ್ಲಿ ಅದು ಸಾಲದು. ಏನಾಗಿದೆ, ಎಲ್ಲಿ, ಯಾವ ದಿನ ಅನ್ನುವುದು ಒಂದೇ ವಾಕ್ಯದಲ್ಲಿ ಬರಲಿ. ಸ್ವಂತ ಕಾಯಿಲೆಯನ್ನು ಬಿಡಿಸಿ ಹೇಳಲು ಸಂಕೋಚವಾದರೆ ‘ಅನಾರೋಗ್ಯದ ನಿಮಿತ್ತ’ ಅಂದರೆ ಸಾಕು, ಯಾರೂ ಕೇಳುವುದಿಲ್ಲ.

ಶುಭಕಾರ್ಯಗಳಿಗೆ ಊರಿನ ಹೆಸರುಗಳನ್ನೇ ಬರೆಯಬಹುದು. ಜವಳ, ಕುಬಸ, ತೊಟ್ಟಿಲು ಅಂತ ಬರೆದರೆ ಇಲ್ಲಿನ ಅಧಿಕಾರಿಗಳಿಗೆ ಅರ್ಥವಾಗುತ್ತದೆ. ಅಧಿಕಾರಿ ಬೇರೆ ಕಡೆಯಿಂದ ಬಂದವರಾದರೆ ‘ಸೀಮಂತ’, ‘ನಾಮಕರಣ’ ಅನ್ನುವುದು ವಾಸಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವವರು ಅದನ್ನು ಮುಚ್ಚಿಟ್ಟು ‘ಹೊಟ್ಟೆನೋವು’ ಅಂತ ಬರೆಯುವುದುಂಟು. ಯಾಕೆ ಬೇಕು? ಅವತ್ತು ಅರ್ಧ ಕಚೇರಿಗೆ ಹೊಟ್ಟೆನೋವು ಬಂದರೆ ಯಾರು ನಂಬುತ್ತಾರೆ? “ಎಳ್ಳ ಅಮಾವಾಸ್ಯೆಯ ಪ್ರಯುಕ್ತ ಸ್ವಗ್ರಾಮಕ್ಕೆ ಹೋಗಬೇಕಾಗಿರುವುದರಿಂದ” ಅಂತ ನೇರವಾಗಿ ಬರೆಯಿರಿ. ಜಾತ್ರೆ, ಉರುಸು, ತೊಗರಿ ರಾಶಿಗೂ ಹಾಗೆಯೇ.

ಸಾವಿನ ಸುದ್ದಿ ಬರೆಯುವಾಗ ಮಾತ್ರ ಪದ ನೋಡಿಕೊಳ್ಳಬೇಕು. ಮಾತಿನಲ್ಲಿ ‘ಮಣ್ಣಿಗೆ ಹೋಗಬೇಕು’ ಅನ್ನುತ್ತೇವೆ. ಕಾಗದದಲ್ಲಿ “ನನ್ನ ಅಜ್ಜನವರು ನಿಧನರಾದ ಕಾರಣ ಅಂತ್ಯಸಂಸ್ಕಾರದಲ್ಲಿ ಭಾಗವಹಿಸಬೇಕಾಗಿದೆ” ಅಂತ ಬರಲಿ. ‘ತೀರಿಕೊಂಡರು’ ಕೂಡ ಸರಿಯೇ.

ದುಃಖವನ್ನಾಗಲಿ ಬಡತನವನ್ನಾಗಲಿ ಬಣ್ಣಿಸಬೇಡಿ. “ನನಗೆ ಯಾರೂ ದಿಕ್ಕಿಲ್ಲ, ತಾವೇ ತಂದೆ ತಾಯಿ” ಅನ್ನುವ ಸಾಲುಗಳಿಂದ ರಜೆ ಬೇಗ ಸಿಗುವುದಿಲ್ಲ. ಅದರ ಬದಲು ಒಂದು ಬೇರೆ ಸಾಲು ಬೇಕು: ನೀವು ಇಲ್ಲದಾಗ ಕೆಲಸ ಯಾರು ನೋಡುತ್ತಾರೆ? ಫೆಬ್ರುವರಿ ಅಂದರೆ ಹತ್ತನೇ ತರಗತಿಗೆ ಪರೀಕ್ಷೆ ಹತ್ತಿರ ಬಂದ ಹೊತ್ತು. ಗಣಿತದ ಮಾಸ್ತರ ಮೂರು ದಿನ ಇಲ್ಲ ಅಂದರೆ ಮೇಡಂಗೆ ಮೊದಲು ಬರುವ ಚಿಂತೆ ಅದೇ. ಆ ಚಿಂತೆಗೆ ಅರ್ಜಿಯಲ್ಲೇ ಉತ್ತರ ಇದ್ದರೆ, ಹತ್ತು ‘ಪೂಜ್ಯ’ಗಳಿಗಿಂತ ಅದೇ ದೊಡ್ಡ ಮರ್ಯಾದೆ. ಆದರೆ ಸಹೋದ್ಯೋಗಿಯನ್ನು ಕೇಳದೆ ಅವರ ಹೆಸರು ಬರೆದುಬಿಡಬೇಡಿ.

ಮುಕ್ತಾಯ ಮತ್ತು ಸಹಿ

ಕೊನೆಗೆ ‘ವಂದನೆಗಳೊಂದಿಗೆ’ ಅಂತ ಬರೆಯುವುದು ವಾಡಿಕೆ. ‘ಮುಂಗಡ ಧನ್ಯವಾದಗಳು’ ಅನ್ನುವುದು ಈಚೆಗೆ ಬಂದ ಚಾಳಿ. ಅವರಿನ್ನೂ ರಜೆ ಕೊಟ್ಟಿಲ್ಲ, ಆಗಲೇ ಧನ್ಯವಾದ ಹೇಳಿದರೆ ಕೊಡಲೇಬೇಕು ಅಂತ ಕಟ್ಟಿಹಾಕಿದ ಹಾಗಾಗುತ್ತದೆ. ಧನ್ಯವಾದವನ್ನು ರಜೆ ಮಂಜೂರಾದ ಮೇಲೆ ಬಾಯಿಂದಲೇ ಹೇಳಿ.

ಸಹಿಯ ಮೇಲೆ ‘ತಮ್ಮ ವಿಶ್ವಾಸಿ’. ಗಂಡಸರು, ಹೆಂಗಸರು ಇಬ್ಬರೂ ಇದನ್ನೇ ಬರೆಯಬಹುದು. ‘ತಮ್ಮ ವಿಧೇಯ’ ಅನ್ನುವುದೂ ಬಳಕೆಯಲ್ಲಿದೆ, ಮಹಿಳೆಯರು ‘ವಿಧೇಯಳು’ ಅಂತ ಬರೆಯುತ್ತಾರೆ. ವಿದ್ಯಾರ್ಥಿಗಳು ‘ತಮ್ಮ ವಿಧೇಯ ವಿದ್ಯಾರ್ಥಿ’ ಅಥವಾ ‘ವಿದ್ಯಾರ್ಥಿನಿ’ ಅಂದರೆ ಚೆನ್ನಾಗಿರುತ್ತದೆ. ನೌಕರರಿಗೆ ‘ವಿಶ್ವಾಸಿ’ಯೇ ಹೆಚ್ಚು ಒಪ್ಪುತ್ತದೆ ಅಂತ ನನಗನ್ನಿಸುತ್ತದೆ. ‘ಪ್ರೀತಿಯ’, ‘ನಲ್ಮೆಯ’ ಮನೆಯವರಿಗೆ ಇರಲಿ.

ಈಗ ಎಲ್ಲ ಸೇರಿಸಿದರೆ ನಮ್ಮ ಶಿಕ್ಷಕನ ಅರ್ಜಿ ಹೀಗೆ ನಿಲ್ಲುತ್ತದೆ:

ದಿನಾಂಕ: 02-02-2026

ಇವರಿಂದ,
(ಹೆಸರು)
ಸಹ ಶಿಕ್ಷಕ (ಗಣಿತ)
ಸರಕಾರಿ ಪ್ರೌಢಶಾಲೆ, (ಊರು)
ತಾ: ಸುರಪುರ, ಜಿ: ಯಾದಗಿರಿ

ಇವರಿಗೆ,
ಮುಖ್ಯ ಗುರುಗಳು
ಸರಕಾರಿ ಪ್ರೌಢಶಾಲೆ, (ಊರು)
ತಾ: ಸುರಪುರ, ಜಿ: ಯಾದಗಿರಿ

ಮಾನ್ಯರೇ,

ವಿಷಯ: ಮೂರು ದಿನಗಳ ಸಾಂದರ್ಭಿಕ ರಜೆ ಮತ್ತು ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ತಾಯಿಯವರಿಗೆ ದಿನಾಂಕ 05-02-2026, ಗುರುವಾರದಂದು ಕಲಬುರಗಿಯ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇರುತ್ತದೆ. ಅವರ ಆರೈಕೆಗಾಗಿ ನಾನು ಜೊತೆಯಲ್ಲಿ ಇರಬೇಕಾಗಿದೆ. ಆದ್ದರಿಂದ ನನಗೆ ದಿನಾಂಕ 05-02-2026ರಿಂದ 07-02-2026ರವರೆಗೆ ಮೂರು ದಿನಗಳ ರಜೆಯ ಅವಶ್ಯಕತೆ ಇರುತ್ತದೆ. ದಿನಾಂಕ 08-02-2026 ರವಿವಾರವಾಗಿದ್ದು, 09-02-2026, ಸೋಮವಾರದಂದು ಕರ್ತವ್ಯಕ್ಕೆ ಹಾಜರಾಗುತ್ತೇನೆ.

ಈ ದಿನಗಳಲ್ಲಿ ಹತ್ತನೇ ತರಗತಿಯ ನನ್ನ ಅವಧಿಗಳನ್ನು ವಿಜ್ಞಾನ ಶಿಕ್ಷಕರು ನೋಡಿಕೊಳ್ಳಲು ಒಪ್ಪಿರುತ್ತಾರೆ. ಮಕ್ಕಳಿಗೆ ಅಭ್ಯಾಸದ ಲೆಕ್ಕಗಳನ್ನು ಮುಂಚಿತವಾಗಿ ಕೊಟ್ಟಿರುತ್ತೇನೆ.

ಕಾರಣ, ತಾವು ದಯಮಾಡಿ ಸದರಿ ದಿನಗಳಿಗೆ ಸಾಂದರ್ಭಿಕ ರಜೆ ಮಂಜೂರು ಮಾಡಿ, ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
(ಹೆಸರು)

ಗಮನಿಸಿ, ಇದರಲ್ಲಿ ಒಂದೇ ಒಂದು ಹೊಗಳಿಕೆಯ ಪದ ಇಲ್ಲ. ‘ದಯಮಾಡಿ’ ಒಂದೇ ಸಲ ಬಂದಿದೆ. ‘ಸದರಿ’, ‘ಮೇಲ್ಕಂಡ’ ಇವು ನಿಮಗೆ ಭಾರ ಅನ್ನಿಸಿದರೆ ‘ಈ’ ಅಂತ ಬರೆಯಿರಿ, ಮರ್ಯಾದೆ ಕಡಿಮೆಯಾಗುವುದಿಲ್ಲ. ತೊಡಕಾದ ಕಚೇರಿ ಪದಗಳೇ ಗೌರವ ಅನ್ನುವುದು ನಮ್ಮಲ್ಲಿ ಇರುವ ಸುಳ್ಳು ನಂಬಿಕೆ.

ಕಾಗದದ ಎಡಗಡೆ ಮತ್ತು ಕೆಳಗೆ ಧಾರಾಳವಾಗಿ ಜಾಗ ಬಿಡಿ. ‘ಮಂಜೂರು’ ಅಂತ ಬರೆದು ಸಹಿ ಹಾಕಲು ಮೇಡಂಗೆ ಜಾಗ ಬೇಕಲ್ಲ. ಅಂಚಿನವರೆಗೂ ತುಂಬಿಸಿದ ಅರ್ಜಿಯಲ್ಲಿ ಅವರು ನಿಮ್ಮ ಅಕ್ಷರಗಳ ಮೇಲೆಯೇ ಬರೆಯಬೇಕಾಗುತ್ತದೆ.

ಅಧಿಕಾರಿಯ ಮೇಲೆ ಅಧಿಕಾರಿ ಇದ್ದಾಗ

ಗಳಿಕೆ ರಜೆಯಂಥ ದೊಡ್ಡ ರಜೆಗೆ ಮಂಜೂರು ಮಾಡುವವರು ಇನ್ನೂ ಮೇಲಿನವರು ಇರಬಹುದು. ಆಗ ‘ಇವರಿಗೆ’ ಅಡಿಯಲ್ಲಿ ಅವರ ಹುದ್ದೆ ಬರೆದು, ಅದರ ಕೆಳಗೆ “ಮಾನ್ಯ ಮುಖ್ಯ ಗುರುಗಳ ಮೂಲಕ” ಅಂತ ಸೇರಿಸಿ. ಆ ಒಂದು ಸಾಲು ಬಿಟ್ಟು ನೇರವಾಗಿ ಮೇಲೆ ಕಳಿಸಿದರೆ, ಒಳಗೆ ಎಷ್ಟೇ ‘ತಾವು’ ಇದ್ದರೂ ನಿಮ್ಮ ಹತ್ತಿರದ ಹಿರಿಯರನ್ನು ದಾಟಿ ಹೋದಂತೆ. ಅರ್ಜಿಯೂ ಶಿಫಾರಸು ಇಲ್ಲ ಅಂತ ವಾಪಸ್ ಬರುತ್ತದೆ.

ಖಾಸಗಿ ಕೆಲಸದಲ್ಲಿ ಇಷ್ಟೆಲ್ಲ ಬೇಕಿಲ್ಲ. ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು ‘ಮಾಲೀಕರು’ ಅಥವಾ ‘ವ್ಯವಸ್ಥಾಪಕರು’ ಅಂತ ಬರೆದು, ‘ಮಾನ್ಯರೇ’ ಹಾಕಿ, ಎರಡು ವಾಕ್ಯದಲ್ಲಿ ಮುಗಿಸಬಹುದು. ದಿನಾ ‘ಕಾಕಾ’, ‘ಧಣಿ’ ಅಂತ ಕರೆಯುತ್ತಿದ್ದರೂ ಕಾಗದದಲ್ಲಿ ‘ಮಾನ್ಯರೇ’ ಇರಲಿ.

ಕೊಡುವ ಮುಂಚೆ ಬಾಯಿಮಾತು, ತುರ್ತಾದರೆ ಫೋನು

ನಮ್ಮ ಕಡೆ ಸುಮ್ನೆ ಮೇಜಿನ ಮೇಲೆ ಅರ್ಜಿ ಇಟ್ಟು ಹೋಗುವುದನ್ನು ಯಾರೂ ಒಪ್ಪುವುದಿಲ್ಲ. ಮೊದಲು ಎದುರಿಗೆ ಹೋಗಿ ನಮ್ಮ ಮಾತಿನಲ್ಲೇ ಹೇಳಿ, “ಹೂಂ, ಬರದು ಕೊಡ್ರಿ” ಅಂದ ಮೇಲೆ ಅರ್ಜಿ ಕೊಡಿ. ಇಲ್ಲಿ ‘ರಿ’ ಧಾರಾಳವಾಗಿ ಇರಲಿ. ಎದುರಿಗೆ ನಿಂತು “ವಿನಂತಿಸಿಕೊಳ್ಳುತ್ತೇನೆ” ಅಂದರೆ ನಾಟಕದ ಮಾತಾಗುತ್ತದೆ.

ರಾತ್ರೋರಾತ್ರಿ ಏನಾದರೂ ಆದರೆ ಬೆಳಿಗ್ಗೆ ಮೊದಲು ಫೋನ್ ಮಾಡಿ. ಎತ್ತದಿದ್ದರೆ ವಾಟ್ಸಾಪ್ ಸಂದೇಶ ಹಾಕಿ. ಅಲ್ಲಿ ಅರ್ಜಿಯ ಭಾಷೆ ಬೇಡ, ಆದರೆ ‘ತಾವು’ ಬಿಡಬೇಡಿ: “ನಮಸ್ಕಾರ ಮೇಡಂ. ರಾತ್ರಿ ತಂದೆಯವರಿಗೆ ಎದೆನೋವು ಬಂದು ಯಾದಗಿರಿಯ ಆಸ್ಪತ್ರೆಗೆ ಕರೆತಂದಿದ್ದೇವೆ. ಇವತ್ತು ಶಾಲೆಗೆ ಬರಲು ಆಗುತ್ತಿಲ್ಲ. ತಾವು ದಯಮಾಡಿ ಇವತ್ತು ಒಂದು ದಿನ ರಜೆ ಕೊಡಬೇಕೆಂದು ವಿನಂತಿ. ಬಂದ ಕೂಡಲೇ ಅರ್ಜಿ ಸಲ್ಲಿಸುತ್ತೇನೆ.” ಇಲ್ಲಿ ‘ಮೇಡಂ’ ಸರಿ, ಯಾಕೆಂದರೆ ಇದು ಮಾತಿನ ಮುಂದುವರಿಕೆ. ಕೈಮುಗಿಯುವ ಚಿತ್ರ ಒಂದು ಹಾಕಿದರೆ ಪರವಾಗಿಲ್ಲ, ಐದು ಬೇಡ.

ವಾಪಸ್ ಬಂದ ದಿನವೇ ಅರ್ಜಿ ಬರೆಯಿರಿ. ಅದರಲ್ಲಿ ‘ರಜೆ ಬೇಕಾಗಿದೆ’ ಅಂತ ಬರೆಯಲು ಬರುವುದಿಲ್ಲ, ರಜೆ ಆಗಲೇ ಮುಗಿದಿದೆ. ಆಗ ವಿಷಯದಲ್ಲಿ ‘ಘಟನೋತ್ತರ ಮಂಜೂರಾತಿ ಕೋರಿ’ ಅಂತ ಬರೆದು, ಒಳಗೆ ಹೀಗೆ ಹೇಳಿ: “ಮುಂಚಿತವಾಗಿ ಅನುಮತಿ ಪಡೆಯಲು ಸಾಧ್ಯವಾಗದೆ ಇದ್ದುದಕ್ಕೆ ಕ್ಷಮೆ ಕೋರುತ್ತೇನೆ. ಅಂದು ಬೆಳಿಗ್ಗೆ ವಾಟ್ಸಾಪ್ ಮೂಲಕ ಈ ವಿಷಯವನ್ನು ತಮ್ಮ ಗಮನಕ್ಕೆ ತಂದಿರುತ್ತೇನೆ.” ಕ್ಷಮೆ ಒಂದೇ ಸಲ. ಆಸ್ಪತ್ರೆಯ ಚೀಟಿ ಇದ್ದರೆ ಅದರ ನಕಲು ಲಗತ್ತಿಸಿ, ಮೂಲ ಚೀಟಿ ನಿಮ್ಮ ಬಳಿ ಇಟ್ಟುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಆ ದಿನದ ಮುಂದೆ ‘ಸಾಂ.ರ.’ ಅಂತ ಬಿದ್ದಿದೆಯಾ, ಇಲ್ಲ ‘ಗೈರು’ ಅಂತ ಬಿದ್ದಿದೆಯಾ ಅಂತ ಎರಡು ದಿನ ಬಿಟ್ಟು ಒಮ್ಮೆ ನೋಡಿಕೊಳ್ಳಿ.